ಇಂಟರ್‌ವ್ಯೂ ಪಾಠಗಳ ಲಿಂಕ್ಡ್‌ಇನ್ ಕ್ಯಾರಸೆಲ್: ಮೊದಲ ಪುಟವನ್ನು ಓದುಗರು ನಂಬುವ ಹಾಗೆ ಬರೆಯುವುದು

ಲಿಂಕ್ಡ್‌ಇನ್‌ನಲ್ಲಿ ಕ್ಯಾರಸೆಲ್ ಎಂದು ಎಲ್ಲರೂ ಕರೆಯುವುದು ಅಸಲಿಗೆ ಒಂದು ಪಿಡಿಎಫ್ ಕಡತ. 2022ರಲ್ಲಿ ಕಂಪನಿ ಇದಕ್ಕೆಂದೇ ಬೇರೆ ಸೌಲಭ್ಯ ತಂದಿತ್ತು, 2023ರಲ್ಲಿ ಅದನ್ನು ತೆಗೆದುಹಾಕಿತು. ಈಗ ಉಳಿದಿರುವುದು ಡಾಕ್ಯುಮೆಂಟ್ ಪೋಸ್ಟ್: ನೀವು ಪಿಡಿಎಫ್ ಹಾಕುತ್ತೀರಿ, ಓದುವವರು ಬೆರಳಿನಿಂದ ಒಂದೊಂದೇ ಪುಟ ಸರಿಸುತ್ತಾರೆ. ಕೆಲಸ ಹುಡುಕುವವರಿಗೆ ಇದು ಒಗ್ಗುತ್ತದೆ, ಏಕೆಂದರೆ ರೆಸ್ಯೂಮೆಯಲ್ಲಿ ತೋರಿಸಲಾಗದ್ದನ್ನು, ಅಂದರೆ ಒಂದು ತಪ್ಪನ್ನು ನೀವು ಹೇಗೆ ಬಿಡಿಸಿ ನೋಡುತ್ತೀರಿ ಎಂಬುದನ್ನು ಇಲ್ಲಿ ಏಳೆಂಟು ಪುಟಗಳಲ್ಲಿ ತೋರಿಸಬಹುದು.

ಆದರೆ ಬಹಳಷ್ಟು ಕ್ಯಾರಸೆಲ್‌ಗಳು ಮೊದಲ ಪುಟದಲ್ಲೇ ಸೋಲುತ್ತವೆ. "ಇಂಟರ್‌ವ್ಯೂ ಗೆಲ್ಲುವ 10 ಗುಟ್ಟುಗಳು" ಎಂದು ಇನ್ನೂ ಕೆಲಸ ಸಿಗದವರು ಬರೆದರೆ ಓದುವವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ "ಹಾಗಾದರೆ ನಿಮಗೇಕೆ ಸಿಗಲಿಲ್ಲ?" ಎಂಬುದೇ. ಕೆಲಸ ಸಿಗದಿದ್ದವರು ಬರೆಯಬಾರದೆಂದಲ್ಲ. ಕೈಯಲ್ಲಿರುವ ಪುರಾವೆಗಿಂತ ದೊಡ್ಡ ಮಾತು ಆಡಬಾರದು, ಅಷ್ಟೆ. ಮೊದಲ ಪುಟವನ್ನು ಆ ಅಳತೆಗೆ ತರುವುದು ಹೇಗೆ, ಉಳಿದ ಪುಟಗಳಿಂದ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಒಂದು ಮಾದರಿ ಇಟ್ಟುಕೊಂಡು ನೋಡೋಣ.

ಮಾದರಿಯ ಅಭ್ಯರ್ಥಿ ಬಿಸಿಎ ಓದಿ ಒಂದು ವರ್ಷ ಸಪೋರ್ಟ್ ಕೆಲಸ ಮಾಡಿದವರು, ಬೆಂಗಳೂರಿನಲ್ಲಿ ಡೇಟಾ ಅನಲಿಸ್ಟ್ ಹುದ್ದೆ ಹುಡುಕುತ್ತಿದ್ದಾರೆ. ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆಯಾದ ಎಸ್‌ಕ್ಯೂಎಲ್‌ನ ರೌಂಡ್ ಆರು ಕಡೆ ಕೊಟ್ಟಿದ್ದಾರೆ, ಎರಡು ಕಡೆ ಮಾತ್ರ ಮುಂದಿನ ಸುತ್ತಿಗೆ ಹೋಗಿದ್ದಾರೆ. ಆಫರ್ ಇನ್ನೂ ಇಲ್ಲ.

ಮೊದಲು ಟಿಪ್ಪಣಿ, ಆಮೇಲೆ ಪುಟ

ಇಂಟರ್‌ವ್ಯೂ ಮುಗಿದ ಒಂದು ಗಂಟೆಯೊಳಗೆ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಏನು ಕೇಳಿದರು, ನೀವು ಏನು ಹೇಳಿದಿರಿ, ಎದುರಿಗಿದ್ದವರು ಎಲ್ಲಿ ತಡೆದು ಮರುಪ್ರಶ್ನೆ ಹಾಕಿದರು, ಮನೆಗೆ ಬಂದು ನೋಡಿದಾಗ ಸರಿಯುತ್ತರ ಏನಿತ್ತು. ಇವುಗಳಲ್ಲಿ ಮೂರನೆಯದು ಮುಖ್ಯ. ನಿಮ್ಮ ಉತ್ತರದಲ್ಲಿ ಬಿರುಕು ಎಲ್ಲಿತ್ತು ಎಂಬುದನ್ನು ತೋರಿಸುವುದು ಆ ಮರುಪ್ರಶ್ನೆಯೇ. ಎರಡು ದಿನ ಬಿಟ್ಟು ಬರೆದರೆ ಅದು ನೆನಪಿನಿಂದ ಜಾರಿರುತ್ತದೆ, ಉಳಿಯುವುದು "ಎಸ್‌ಕ್ಯೂಎಲ್ ಇನ್ನೂ ಓದಬೇಕಿತ್ತು" ಎಂಬ ಹುರುಳಿಲ್ಲದ ಸಾಲು.

ಹೀಗೆ ಐದಾರು ಇಂಟರ್‌ವ್ಯೂಗಳ ಟಿಪ್ಪಣಿ ಸೇರಿದ ಮೇಲೆ ಒಟ್ಟಿಗೆ ಓದಿ. ಮತ್ತೆ ಮತ್ತೆ ಬಂದ ಒಂದು ಎಡವಟ್ಟು ಕಣ್ಣಿಗೆ ಬೀಳುತ್ತದೆ. ಕ್ಯಾರಸೆಲ್‌ಗೆ ಅದೊಂದೇ ಸಾಕು. ಸಂಬಳದ ಮಾತುಕತೆ, "ನಿಮ್ಮ ಬಗ್ಗೆ ಹೇಳಿ", ಎಚ್‌ಆರ್ ರೌಂಡ್, ಎಸ್‌ಕ್ಯೂಎಲ್ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಪ್ರತಿ ವಿಷಯಕ್ಕೂ ಒಂದೇ ಪುಟ ಸಿಗುತ್ತದೆ, ಒಂದು ಪುಟದಲ್ಲಿ ಉಪದೇಶ ಹಿಡಿಸುತ್ತದೆಯೇ ಹೊರತು ವಿವರಣೆ ಹಿಡಿಸುವುದಿಲ್ಲ.

ನಮ್ಮ ಅಭ್ಯರ್ಥಿಯ ಟಿಪ್ಪಣಿಗಳಲ್ಲಿ ಮೂರು ಕಡೆ ಮರುಕಳಿಸಿದ್ದು ಒಂದೇ ತಪ್ಪು: ಎಡಗಡೆಯ ಟೇಬಲ್‌ನ ಎಲ್ಲ ಸಾಲನ್ನೂ ಉಳಿಸಿಕೊಳ್ಳುವ `LEFT JOIN` ಬರೆದು, ಬಲಗಡೆಯ ಟೇಬಲ್‌ನ ಷರತ್ತನ್ನು `WHERE`ನಲ್ಲಿ ಹಾಕಿದ್ದು.

ಮೊದಲ ಪುಟವನ್ನು ತಿದ್ದುತ್ತಾ ಹೋಗುವುದು

ಮೊದಲ ಕರಡು ಸಾಮಾನ್ಯವಾಗಿ ಹೀಗಿರುತ್ತದೆ:

> ಎಸ್‌ಕ್ಯೂಎಲ್ ಇಂಟರ್‌ವ್ಯೂ ಪಾಸಾಗಬೇಕೆ? ಈ 7 ತಪ್ಪು ಮಾಡಬೇಡಿ!

ಹೇಳುತ್ತಿರುವವರು ಯಾರು, ಯಾವ ಆಧಾರದ ಮೇಲೆ ಎಂಬುದು ಇದರಲ್ಲಿಲ್ಲ. ಯಾರು ಬೇಕಾದರೂ ಬರೆಯಬಹುದಾದ ಸಾಲು ಇದು. ಎರಡನೇ ಕರಡಿನಲ್ಲಿ ಆಧಾರ ಸೇರುತ್ತದೆ:

> 6 ಎಸ್‌ಕ್ಯೂಎಲ್ ರೌಂಡ್‌ಗಳಿಂದ ನಾನು ಕಲಿತದ್ದು

ಇದು ವಾಸಿ, ಆದರೆ ಫಲಿತಾಂಶವನ್ನು ಮುಚ್ಚಿಟ್ಟಿದೆ. ಓದುವವರು ಪ್ರೊಫೈಲ್ ತೆರೆದು "ಓಹೋ, ಇನ್ನೂ ಕೆಲಸ ಹುಡುಕುತ್ತಿದ್ದಾರೆ" ಎಂದು ತಾವೇ ಕಂಡುಕೊಂಡರೆ ಬಚ್ಚಿಟ್ಟಿದ್ದರು ಎನ್ನಿಸುತ್ತದೆ. ನೀವೇ ಮೊದಲು ಹೇಳಿಬಿಟ್ಟರೆ ಅದೇ ಸಂಗತಿ ನಿಮ್ಮ ಪರವಾಗಿ ನಿಲ್ಲುತ್ತದೆ. ಮೂರನೇ ಕರಡು:

> 6 ಎಸ್‌ಕ್ಯೂಎಲ್ ರೌಂಡ್ ಕೊಟ್ಟೆ. 4 ಕಡೆ ರಿಜೆಕ್ಟ್ ಆದೆ, ಕಾರಣ LEFT JOIN.

ಓದುವುದಕ್ಕೆ ಚುರುಕಾಗಿದೆ. ಆದರೆ "ಕಾರಣ" ಎಂಬ ಒಂದು ಪದ ಇಡೀ ಪುಟವನ್ನು ದುರ್ಬಲ ಮಾಡಿದೆ. ಹೆಚ್ಚಿನ ಕಂಪನಿಗಳು ರಿಜೆಕ್ಟ್ ಮಾಡಿದ ಕಾರಣ ಹೇಳುವುದಿಲ್ಲ. ಆ ಹುದ್ದೆಯೇ ರದ್ದಾಗಿರಬಹುದು, ಒಳಗಿನವರಿಗೆ ಕೊಟ್ಟಿರಬಹುದು, ನಿಮಗಿಂತ ಅನುಭವಿಗಳು ಬಂದಿರಬಹುದು. ನೇಮಕಾತಿ ಮಾಡುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು, ಅವರು ಆ ಪದದ ಮೇಲೇ ಅನುಮಾನಪಡುತ್ತಾರೆ. ನಿಮಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ: ಮೂರು ಕಡೆ ನಿಮ್ಮ ಕ್ವೆರಿ ತಪ್ಪು ಉತ್ತರ ಕೊಟ್ಟಿತು. ಅದನ್ನೇ ಬರೆಯಿರಿ:

> 6 ಎಸ್‌ಕ್ಯೂಎಲ್ ರೌಂಡ್ ಕೊಟ್ಟೆ, 2 ದಾಟಿದೆ.
> 3 ಕಡೆ ನನ್ನ ಕ್ವೆರಿ ತಪ್ಪಿದ್ದು ಒಂದೇ ಜಾಗದಲ್ಲಿ:
> LEFT JOIN ಆದಮೇಲೆ ಬರೆದ WHERE.
>
> ಡೇಟಾ ಅನಲಿಸ್ಟ್ ಹುದ್ದೆ · 1 ವರ್ಷ ಅನುಭವ

ಇದರಲ್ಲಿ ನಾಲ್ಕು ವಿಷಯ ಇವೆ: ಎಷ್ಟು ಇಂಟರ್‌ವ್ಯೂಗಳ ಆಧಾರ, ಫಲಿತಾಂಶ ಏನು, ಪಾಠ ಯಾವುದರ ಬಗ್ಗೆ, ಯಾವ ಹಂತದ ಹುದ್ದೆ. ಕೊನೆಯದನ್ನು ಚಿಕ್ಕ ಅಕ್ಷರದಲ್ಲಿ ಕೆಳಗೆ ಇಟ್ಟರೂ ಬಿಡಬೇಡಿ. ಹತ್ತು ವರ್ಷದ ಅನುಭವಿಗೆ ಇದು ತೀರಾ ಸಣ್ಣ ವಿಷಯ ಅನ್ನಿಸಬಹುದು, ಆರಂಭದ ಹಂತದ ಅಭ್ಯರ್ಥಿ ಎಂದು ಗೊತ್ತಾದರೆ ಅವರು ಆ ಅಳತೆಯಲ್ಲೇ ಓದುತ್ತಾರೆ.

ಮೊದಲ ಪುಟವನ್ನು ಪರೀಕ್ಷಿಸಲು ಪ್ರತಿ ಸಂಖ್ಯೆ, ಪ್ರತಿ ಕ್ರಿಯಾಪದದ ಮುಂದೆಯೂ "ಯಾರಾದರೂ ಕೇಳಿದರೆ ಟಿಪ್ಪಣಿ ಪುಸ್ತಕ ತೆಗೆದು ತೋರಿಸಬಲ್ಲೆನೇ?" ಎಂದು ಕೇಳಿಕೊಳ್ಳಿ. ತೋರಿಸಲಾಗದಿದ್ದರೆ ಆ ಮಾತನ್ನು ಸಣ್ಣದು ಮಾಡಿ. ಆರನ್ನು "ಹತ್ತಾರು" ಮಾಡುವ ಆಸೆ ಬರುತ್ತದೆ, ಆದರೆ ಮುಂದಿನ ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಈ ಪೋಸ್ಟ್ ಓದಿಯೇ ಬಂದಿರಬಹುದು.

ಏನನ್ನು ಬರೆಯಬಾರದು

ಕೆಲವು ಕಂಪನಿಗಳು ಇಂಟರ್‌ವ್ಯೂಗೆ ಮೊದಲೇ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತವೆ, ಇನ್ನು ಕೆಲವು ಆನ್‌ಲೈನ್ ಪರೀಕ್ಷೆಯ ಮೊದಲ ತೆರೆಯಲ್ಲೇ ಒಪ್ಪಿಗೆ ಪಡೆಯುತ್ತವೆ. ಆ ಮೇಲ್‌ಗಳನ್ನು ಮತ್ತೊಮ್ಮೆ ಓದಿ. ಒಪ್ಪಂದ ಇಲ್ಲದಿದ್ದರೂ ಪ್ರಶ್ನೆಯನ್ನು ಇದ್ದ ಹಾಗೇ ಎತ್ತಿ ಹಾಕಬೇಡಿ. ಟೇಬಲ್, ಕಾಲಂ, ವ್ಯವಹಾರ ಎಲ್ಲ ಬದಲಿಸಿ. ಆಸ್ಪತ್ರೆಯ ರೋಗಿ ಮತ್ತು ಭೇಟಿಯ ಬಗ್ಗೆ ಕೇಳಿದ್ದರೆ ಅಂಗಡಿಯ ಗ್ರಾಹಕ ಮತ್ತು ಆರ್ಡರ್ ಮಾಡಿ, ಪಾಠ ಕೆಡುವುದಿಲ್ಲ. ಮನೆಗೆ ಕೊಟ್ಟ ಅಸೈನ್‌ಮೆಂಟ್‌ನ ಡೇಟಾ, ಪರೀಕ್ಷೆಯ ಸ್ಕ್ರೀನ್‌ಶಾಟ್, ಇಂಟರ್‌ವ್ಯೂ ಮಾಡಿದವರ ಹೆಸರು ಯಾವುದೂ ಬೇಡ.

ಕಂಪನಿಯ ಹೆಸರು ಬರೆಯದಿದ್ದರೂ ಅದು ಹೊರಬೀಳುವ ದಾರಿಗಳಿವೆ. "ಕಳೆದ ಮಂಗಳವಾರ, ವೈಟ್‌ಫೀಲ್ಡ್‌ನ ಒಂದು ವಿಮಾ ಸ್ಟಾರ್ಟಪ್" ಎಂದರೆ ಅಲ್ಲಿದ್ದವರಿಗೆ ತಕ್ಷಣ ಗೊತ್ತಾಗುತ್ತದೆ. ದಿನಾಂಕ, ಬಡಾವಣೆ, ಉದ್ಯಮ ಮೂರನ್ನೂ ಒಟ್ಟಿಗೆ ಕೊಡಬೇಡಿ. ಫಲಿತಾಂಶ ಬಾಕಿ ಇರುವ ಇಂಟರ್‌ವ್ಯೂವನ್ನು ಆರರ ಲೆಕ್ಕಕ್ಕೆ ಸೇರಿಸಲೂಬೇಡಿ.

ಒಳಪುಟಗಳು: ತಪ್ಪಿನ ಬೆನ್ನು ಹತ್ತುವುದು

ಮೊದಲ ಪುಟ ಕೊಟ್ಟ ಮಾತನ್ನು ಎರಡನೇ ಪುಟದಿಂದಲೇ ತೀರಿಸಲು ಶುರುಮಾಡಿ. ನಡುವೆ "ಸಿದ್ಧರಿದ್ದೀರಾ? ಮುಂದೆ ಸರಿಸಿ" ಎಂಬಂಥ ಖಾಲಿ ಪುಟ ಬೇಡ. ನಮ್ಮ ಮಾದರಿಯಲ್ಲಿ ಎರಡನೇ ಪುಟದಲ್ಲಿ ಪ್ರಶ್ನೆ ಮಾತ್ರ: "ಪ್ರತಿ ಗ್ರಾಹಕರ ಮಾರ್ಚ್ ತಿಂಗಳ ಆರ್ಡರ್ ಸಂಖ್ಯೆ ಕೊಡಿ. ಒಂದೂ ಆರ್ಡರ್ ಮಾಡದವರೂ ಪಟ್ಟಿಯಲ್ಲಿರಬೇಕು, ಅವರಿಗೆ 0 ಎಂದಿರಬೇಕು." ಅದರ ಕೆಳಗೆ ಮೂರು ಸಾಲಿನ ಪುಟ್ಟ ಡೇಟಾ: ಸುಮಾ ಮಾರ್ಚ್‌ನಲ್ಲಿ 2 ಆರ್ಡರ್ ಮಾಡಿದ್ದಾರೆ, ರಮೇಶ ಫೆಬ್ರವರಿಯಲ್ಲಿ ಮಾತ್ರ 1, ಇಮ್ರಾನ್ ಯಾವತ್ತೂ ಮಾಡಿಲ್ಲ.

ಈ ಮೂವರನ್ನು ಸುಮ್ಮನೆ ಆರಿಸಿದ್ದಲ್ಲ. ಸುಮಾ ಮೂರೂ ಕ್ವೆರಿಯಲ್ಲಿ ಸರಿಯಾಗಿ ಬರುತ್ತಾರೆ, ತಪ್ಪುಗಳನ್ನು ಬಯಲಿಗೆಳೆಯುವವರು ಉಳಿದಿಬ್ಬರು. ನಿಮ್ಮ ವಿಷಯ ಯಾವುದೇ ಇರಲಿ, ಉದಾಹರಣೆಯನ್ನು ಹೀಗೆ ಕಟ್ಟಿ: ತಪ್ಪು ಉತ್ತರಗಳು ಬೇರೆಬೇರೆಯಾಗಿ ಕಾಣುವಷ್ಟು ದೊಡ್ಡದು, ಫೋನಿನಲ್ಲಿ ಒಂದೇ ನೋಟಕ್ಕೆ ಸಿಗುವಷ್ಟು ಚಿಕ್ಕದು.

ಮೂರನೇ ಪುಟದಲ್ಲಿ ಇಂಟರ್‌ವ್ಯೂನಲ್ಲಿ ಬರೆದ ಕ್ವೆರಿ:

```sql
SELECT c.id, c.name, COUNT(*)
FROM customers c
LEFT JOIN orders o
  ON o.customer_id = c.id
WHERE o.order_date >= '2025-03-01'
  AND o.order_date <  '2025-04-01'
GROUP BY c.id, c.name;
```

ನಾಲ್ಕನೇ ಪುಟದಲ್ಲಿ ಅದು ಕೊಟ್ಟ ಉತ್ತರ: ಸುಮಾ 2, ಅಷ್ಟೇ. ಉಳಿದಿಬ್ಬರು ಮಾಯ. ಇಮ್ರಾನ್ ಮಾಯವಾದ ಕಾರಣವನ್ನು ಎರಡು ವಾಕ್ಯದಲ್ಲಿ ಹೇಳಬಹುದು, ರಮೇಶರದ್ದು ಮುಂದಿನ ಪುಟಕ್ಕೆ. ಆರ್ಡರ್ ಇಲ್ಲದವರಿಗೆ `LEFT JOIN` ದಿನಾಂಕದ ಜಾಗದಲ್ಲಿ `NULL` ಇಡುತ್ತದೆ. `NULL` ಯಾವ ಹೋಲಿಕೆಯನ್ನೂ ದಾಟುವುದಿಲ್ಲವಾದ್ದರಿಂದ `WHERE` ಆ ಸಾಲನ್ನು ಎಸೆಯುತ್ತದೆ, ಬರೆದದ್ದು `LEFT JOIN` ಆದರೂ ಸಿಕ್ಕಿದ್ದು `INNER JOIN`.

ಐದನೇ ಪುಟ ಈ ಕ್ಯಾರಸೆಲ್‌ನ ಜೀವಾಳ. ಇಲ್ಲಿಯವರೆಗಿನದು ಯಾವ ಟ್ಯುಟೋರಿಯಲ್‌ನಲ್ಲಾದರೂ ಸಿಗುತ್ತದೆ. ಸಿಗದೇ ಇರುವುದು, ಮರುಪ್ರಶ್ನೆ ಬಂದಾಗ ಗಾಬರಿಯಲ್ಲಿ ಅಭ್ಯರ್ಥಿ ಹಚ್ಚಿದ ತೇಪೆ. `WHERE`ಗೆ `OR o.order_date IS NULL` ಸೇರಿಸಿದರು. ಇಮ್ರಾನ್ ವಾಪಸ್ ಬಂದರು, ಸರಿಹೋಯಿತು ಅನ್ನಿಸಿತು. ಆದರೆ ರಮೇಶ ಈಗಲೂ ಇಲ್ಲ. ಅವರಿಗೆ ಫೆಬ್ರವರಿಯ ಆರ್ಡರ್ ಜೋಡಿಯಾಗಿರುವುದರಿಂದ ದಿನಾಂಕ `NULL` ಅಲ್ಲ, ಮಾರ್ಚ್ ಕೂಡ ಅಲ್ಲ, ಹಾಗಾಗಿ ಎರಡೂ ಷರತ್ತಿನಿಂದ ಹೊರಗೆ. ಸಾಲದ್ದಕ್ಕೆ ಇಮ್ರಾನ್ ಮುಂದೆ 0 ಬದಲು 1 ಎಂದಿದೆ, ಏಕೆಂದರೆ `COUNT(*)` ಆರ್ಡರ್ ಎಣಿಸುತ್ತಿಲ್ಲ, ಸಾಲು ಎಣಿಸುತ್ತಿದೆ.

ಆರನೇ ಪುಟದಲ್ಲಿ ಸರಿಯಾದದ್ದು:

```sql
SELECT c.id, c.name, COUNT(o.id)
FROM customers c
LEFT JOIN orders o
  ON o.customer_id = c.id
  AND o.order_date >= '2025-03-01'
  AND o.order_date <  '2025-04-01'
GROUP BY c.id, c.name;
```

ಬದಲಾದ ಎರಡೇ ಜಾಗಗಳನ್ನು ಬಣ್ಣದಲ್ಲಿ ಗುರುತಿಸಿ. ದಿನಾಂಕದ ಷರತ್ತು `ON`ಗೆ ಹೋಯಿತು, `COUNT(*)` ಹೋಗಿ `COUNT(o.id)` ಬಂತು. ಏಳನೇ ಪುಟದಲ್ಲಿ ಮೂರೂ ಕ್ವೆರಿಗಳ ಉತ್ತರ ಅಕ್ಕಪಕ್ಕ: ಮೊದಲನೆಯದರಲ್ಲಿ ಸುಮಾ 2 ಮಾತ್ರ, ತೇಪೆ ಹಚ್ಚಿದ್ದರಲ್ಲಿ ಸುಮಾ 2 ಮತ್ತು ಇಮ್ರಾನ್ 1, ಸರಿಯಾದದ್ದರಲ್ಲಿ ಸುಮಾ 2, ರಮೇಶ 0, ಇಮ್ರಾನ್ 0. ಇಂಥ ಪುಟವನ್ನು ತಲೆಯಲ್ಲೇ ಲೆಕ್ಕ ಹಾಕಿ ಬರೆಯಬೇಡಿ. ನಿಮ್ಮ ಕಂಪ್ಯೂಟರಿನಲ್ಲಿ ಟೇಬಲ್ ಮಾಡಿ, ಮೂರನ್ನೂ ಓಡಿಸಿ, ಬಂದದ್ದನ್ನೇ ನಕಲು ಮಾಡಿ. ತಪ್ಪಿನಿಂದ ಕಲಿತೆ ಎಂದು ಹೇಳುವ ಕ್ಯಾರಸೆಲ್‌ನಲ್ಲೇ ಒಂದು ತಪ್ಪು ಇದ್ದರೆ ಮೊದಲ ಪುಟ ಗಳಿಸಿದ ನಂಬಿಕೆ ಅಲ್ಲಿಗೆ ಮುಗಿಯಿತು.

ಎಂಟನೇ ಪುಟ ನಿಮ್ಮದು: ಯಾವ ಹುದ್ದೆ ಹುಡುಕುತ್ತಿದ್ದೀರಿ, ಯಾವ ಊರಿನಲ್ಲಿ, ಯಾವಾಗ ಸೇರಬಲ್ಲಿರಿ, ಯಾವ ಕೆಲಸ ಕೈಗೂಡಿದೆ. ಮೂರು ಸಾಲು ಸಾಕು. "ಯಾವುದೇ ಅವಕಾಶಕ್ಕೂ ಸಿದ್ಧ" ಎಂದರೆ ಯಾರಿಗೆ ನಿಮ್ಮನ್ನು ಶಿಫಾರಸು ಮಾಡಬೇಕೆಂದು ಓದಿದವರಿಗೆ ತೋಚುವುದಿಲ್ಲ. "ಬೆಂಗಳೂರು, ಆರಂಭದ ಹಂತದ ಡೇಟಾ ಅನಲಿಸ್ಟ್, 30 ದಿನದ ನೋಟಿಸ್" ಎಂದರೆ ತೋಚುತ್ತದೆ. ಫೋನ್ ನಂಬರ್ ಹಾಕಬೇಡಿ. ಈ ಪಿಡಿಎಫ್ ಅನ್ನು ನೋಡಿದವರು ಡೌನ್‌ಲೋಡ್ ಮಾಡಿಕೊಳ್ಳಬಹುದು, ನೋಂದಣಿ ಶುಲ್ಕ ಕೇಳುವ ನಕಲಿ ಉದ್ಯೋಗ ಏಜೆಂಟರಿಗೆ ಇಂಥ ನಂಬರ್‌ಗಳೇ ಬೇಕಾಗಿರುವುದು.

ಅಕ್ಷರ, ಅಂಚು, ಅಳತೆ

ಪುಟವನ್ನು 1080 × 1350 ಪಿಕ್ಸೆಲ್‌ಗೆ ಇಟ್ಟುಕೊಳ್ಳಿ. ಈ ಉದ್ದನೆಯ ಆಕಾರ ಫೋನಿನಲ್ಲಿ ಚೌಕಕ್ಕಿಂತ ಹೆಚ್ಚು ಜಾಗ ಪಡೆಯುತ್ತದೆ. ಎಲ್ಲ ಪುಟಗಳೂ ಒಂದೇ ಅಳತೆಯಲ್ಲಿರಲಿ, ಒಂದು ಅಡ್ಡ ಒಂದು ಉದ್ದ ಇದ್ದರೆ ಸುತ್ತಲೂ ಖಾಲಿ ಪಟ್ಟಿ ಬೀಳುತ್ತದೆ.

ಅಕ್ಷರದ ಗಾತ್ರದಲ್ಲಿ ಎಡವುವವರೇ ಹೆಚ್ಚು, ಏಕೆಂದರೆ ಲ್ಯಾಪ್‌ಟಾಪ್ ತೆರೆಯಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಫೋನಿನ ತೆರೆಯ ಅಗಲ ಲೆಕ್ಕಕ್ಕೆ ಸುಮಾರು 360 ಘಟಕ, ಅಂದರೆ ನಿಮ್ಮ 1080ರ ಪುಟ ಮೂರರಲ್ಲಿ ಒಂದು ಭಾಗಕ್ಕೆ ಕುಗ್ಗುತ್ತದೆ. ಫೋನಿನಲ್ಲಿ 14ರ ಗಾತ್ರ ಬೇಕೆಂದರೆ ಪುಟದಲ್ಲಿ 42 ಇರಬೇಕು. ಒಳಪುಟದ ಬರಹಕ್ಕೆ ಅದೇ ಕನಿಷ್ಠ, ಮೊದಲ ಪುಟದ ಮುಖ್ಯ ಸಾಲುಗಳಿಗೆ 72ರ ಆಸುಪಾಸು ಇರಲಿ. ಎರಡೂ ಬದಿಗೆ 80 ಪಿಕ್ಸೆಲ್ ಅಂಚು ಬಿಟ್ಟರೆ 920 ಉಳಿಯುತ್ತದೆ. ಕೋಡ್‌ಗೆ 36ರ ಗಾತ್ರದ ಸಮ ಅಗಲದ ಫಾಂಟ್ ಬಳಸಿದರೆ ಒಂದು ಸಾಲಿನಲ್ಲಿ ಸುಮಾರು 42 ಅಕ್ಷರ ಹಿಡಿಯುತ್ತದೆ. ಮೇಲಿನ ಕ್ವೆರಿಗಳಲ್ಲಿ ಅತಿ ಉದ್ದದ ಸಾಲು 34 ಅಕ್ಷರದ್ದು. ನಿಮ್ಮ ಸಾಲು ಇದಕ್ಕಿಂತ ಉದ್ದವಾದರೆ ಫಾಂಟ್ ಚಿಕ್ಕದು ಮಾಡುವ ಬದಲು ಸಾಲು ಮುರಿಯಿರಿ.

ನೇಮಕಾತಿ ಮಾಡುವವರು ಯಾವ ಭಾಷೆಯಲ್ಲಿ ಓದುತ್ತಾರೋ ಅದರಲ್ಲಿ ಬರೆಯಿರಿ. ಬೆಂಗಳೂರಿನ ಐಟಿ ಹುದ್ದೆಗೆ ಅದು ಬಹುಪಾಲು ಇಂಗ್ಲಿಷ್, ಮೇಲಿನ ಮೊದಲ ಪುಟದ ಕಟ್ಟು ಅದರಲ್ಲೂ ಹಾಗೇ ನಿಲ್ಲುತ್ತದೆ. ಕನ್ನಡದಲ್ಲಿ ಮಾಡುವುದಾದರೆ ಎರಡು ಎಚ್ಚರಿಕೆ. ಯೂನಿಕೋಡ್ ಫಾಂಟ್ ಬಳಸಿ, ಉದಾಹರಣೆಗೆ Noto Sans Kannada. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರಗಳನ್ನು ತಂದು ಅಂಟಿಸಿದರೆ ಕಸ ಕಾಣಿಸುತ್ತದೆ. ಸಾಲಿನ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟು ಇರಲಿ, ಇಲ್ಲದಿದ್ದರೆ "ಸ್ತ್ರೀ", "ಷ್ಟ್ರ"ಗಳ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ.

ಹಾಕುವ ದಿನ

ಲಿಂಕ್ಡ್‌ಇನ್ ಪವರ್‌ಪಾಯಿಂಟ್, ವರ್ಡ್ ಕಡತಗಳನ್ನೂ ಒಪ್ಪುತ್ತದೆ, ಆದರೆ ಫಾಂಟ್ ಬದಲಾಗುವ ಅಪಾಯವಿದೆ. ಪಿಡಿಎಫ್ ಮಾಡಿಯೇ ಹಾಕಿ. ಮಿತಿ 100 ಎಂಬಿ, 300 ಪುಟ, ಎಂಟು ಪುಟಕ್ಕೆ ಅದು ಅಡ್ಡಬರುವುದಿಲ್ಲ. ಅಪ್‌ಲೋಡ್ ಮಾಡುವ ಮೊದಲು ಪಿಡಿಎಫ್ ಅನ್ನು ನಿಮ್ಮದೇ ಫೋನಿಗೆ ಕಳಿಸಿಕೊಂಡು, ಹಿಗ್ಗಿಸದೆ ಕೊನೆಯವರೆಗೆ ಓದಿ. ಕಡತದ ಪ್ರಾಪರ್ಟೀಸ್ ತೆರೆದು ಶೀರ್ಷಿಕೆ ಮತ್ತು ಲೇಖಕರ ಹೆಸರು ನೋಡಿ. ಈಗಿನ ಕಚೇರಿಯ ಲ್ಯಾಪ್‌ಟಾಪ್‌ನಲ್ಲಿ ಮಾಡಿದ್ದರೆ ಆ ಕಂಪನಿಯ ಹೆಸರು ಅಲ್ಲಿ ಕೂತಿರಬಹುದು.

ಕಂಪ್ಯೂಟರಿನಲ್ಲಿ `Start a post` ಒತ್ತಿ, ಕೂಡಿಸುವ ಚಿಹ್ನೆಯ ಹಿಂದಿರುವ `Add a document` ಆರಿಸಿ, ಕಡತ ಕೊಡಿ. ಆಗ ಡಾಕ್ಯುಮೆಂಟಿಗೆ ಶೀರ್ಷಿಕೆ ಕೇಳುತ್ತದೆ. ಅಲ್ಲಿ "final_v3" ಬಿಡಬೇಡಿ, ಅದು ಓದುಗರಿಗೆ ಕಾಣುತ್ತದೆ. "LEFT JOIN ಆದಮೇಲೆ WHERE: ಒಂದು ಇಂಟರ್‌ವ್ಯೂ ತಪ್ಪು" ಎಂಬಂತೆ ವಿಷಯ ಬರೆಯಿರಿ.

ಜೊತೆಗಿನ ಬರಹಕ್ಕೆ 3000 ಅಕ್ಷರ ಮಿತಿ ಇದ್ದರೂ ಫೀಡ್‌ನಲ್ಲಿ ಮೊದಲು ಕಾಣುವುದು ಎರಡು ಮೂರು ಸಾಲು ಮಾತ್ರ, ಉಳಿದದ್ದು "more" ಹಿಂದೆ ಮರೆಯಾಗುತ್ತದೆ. ಮೊದಲ ಪುಟದ ಮಾತನ್ನೇ ಅಲ್ಲಿ ಮತ್ತೆ ಬರೆದರೆ ಆ ಜಾಗ ದಂಡ. ಮೊದಲ ಪುಟದಲ್ಲಿ ಹಿಡಿಸದ ಒಂದು ಸಂಗತಿಗೆ ಅದನ್ನು ಬಳಸಿ: "OR IS NULL ಹಚ್ಚಿದರೂ ಒಬ್ಬ ಗ್ರಾಹಕ ಕಾಣೆಯಾಗುತ್ತಾರೆ. ಯಾರು ಎಂಬುದು 5ನೇ ಪುಟದಲ್ಲಿ." ಕೊನೆಗೆ ಪ್ರಶ್ನೆ ಕೇಳುವುದಾದರೆ ಉತ್ತರಿಸಬಹುದಾದದ್ದನ್ನು ಕೇಳಿ. "ನಿಮ್ಮ ಅಭಿಪ್ರಾಯ?" ಎಂದರೆ ಚಪ್ಪಾಳೆಯ ಚಿತ್ರ ಬರುತ್ತದೆ. "ನಿಮ್ಮ ತಂಡದಲ್ಲಿ ಇದನ್ನು ಸಬ್‌ಕ್ವೆರಿಯಲ್ಲಿ ಬರೆಯುತ್ತೀರಾ, ON ಒಳಗೇ ಇಡುತ್ತೀರಾ?" ಎಂದರೆ ಕೆಲಸ ಗೊತ್ತಿರುವವರು ಬರುತ್ತಾರೆ, ನಿಮಗೆ ಬೇಕಾಗಿರುವುದೂ ಅವರೇ.

ಯಾರಾದರೂ ತಪ್ಪು ತೋರಿಸಿದರೆ

ಒಮ್ಮೆ ಪೋಸ್ಟ್ ಆದಮೇಲೆ ಬರಹವನ್ನು ತಿದ್ದಬಹುದು, ಪಿಡಿಎಫ್ ಅನ್ನು ಬದಲಿಸಲಾಗುವುದಿಲ್ಲ. ಹೊಸದು ಹಾಕಬೇಕೆಂದರೆ ಹಳೆಯದನ್ನು ಅಳಿಸಬೇಕು, ಅದರೊಂದಿಗೆ ಕಾಮೆಂಟ್‌ಗಳೂ ಹೋಗುತ್ತವೆ. ಹಾಗಾಗಿ ಮೊದಲು ತಪ್ಪಿನ ತೂಕ ನೋಡಿ. ಕ್ವೆರಿಯೇ ತಪ್ಪು ಉತ್ತರ ಕೊಡುತ್ತಿದ್ದರೆ ಅಳಿಸಿ ಮತ್ತೆ ಹಾಕಿ. ಕಾಗುಣಿತ ತಪ್ಪಾಗಿದ್ದರೆ ಬಿಡಿ. ನಡುವಿನವುಗಳಿಗೆ ಬರಹದ ಮೇಲ್ಭಾಗದಲ್ಲಿ "ತಿದ್ದುಪಡಿ, 6ನೇ ಪುಟ:" ಎಂದು ಸೇರಿಸಿ, ತೋರಿಸಿದವರನ್ನು ಹೆಸರಿಸಿ.

ಈ ಮಾದರಿಗೆ ಬರಬಹುದಾದ ಒಂದು ಆಕ್ಷೇಪ ಹೀಗಿರುತ್ತದೆ: "BETWEEN '2025-03-01' AND '2025-03-31' ಎಂದು ಬರೆದರೆ ಸುಲಭವಲ್ಲವೇ?" ಕಾಲಂನಲ್ಲಿ ದಿನಾಂಕ ಮಾತ್ರ ಇದ್ದರೆ ಅದೂ ಸರಿಯೇ. ಆದರೆ ಗಂಟೆ ನಿಮಿಷವೂ ಇದ್ದರೆ ಆ 31 ಎಂಬುದು ಆ ದಿನದ ನಡುರಾತ್ರಿ 12 ಗಂಟೆಗೆ ನಿಲ್ಲುತ್ತದೆ, ಆಮೇಲೆ ಇಡೀ ದಿನ ಬಂದ ಆರ್ಡರ್‌ಗಳು ಬಿಟ್ಟುಹೋಗುತ್ತವೆ. `< '2025-04-01'` ಎಂದು ಬರೆದದ್ದು ಅದಕ್ಕಾಗಿ. ಕಾಮೆಂಟಿನಲ್ಲಿ ಇಷ್ಟನ್ನು ವಾದದ ಧಾಟಿಯಿಲ್ಲದೆ, "ನೀವು ಹೇಳಿದ್ದು ದಿನಾಂಕದ ಕಾಲಂಗೆ ಸರಿ ಸರ್" ಎಂದು ಶುರುಮಾಡಿ ಬರೆಯಿರಿ. ಪೋಸ್ಟ್ ನೋಡಲು ಬಂದ ಹೈರಿಂಗ್ ಮ್ಯಾನೇಜರ್ ಪುಟಗಳನ್ನು ಸರಿಸಿ ಮುಗಿಸಿದ ಮೇಲೆ ಓದುವುದು ಈ ಉತ್ತರವನ್ನೇ.